ಕೆಂಪು ಬಾಣ ಹಾಕಿದ್ದು ತಪ್ಪಾಗಿತ್ತು

ಕೆಲಸಕ್ಕೆ ಸೇರಿದ ಹೊಸತು. ಉತ್ತರ ಜಪಾನಿನ ಭೂಕಂಪಗಳ ಅಡ್ಡಸೀಳು ಚಿತ್ರ ಮಾಡಿಕೊಡಿ ಅಂದರು. ಪೂರ್ವದಲ್ಲಿ ಜಪಾನ್ ಟ್ರೆಂಚ್ ಎಂಬ ಸಮುದ್ರ ಕಂದಕ, ಅಲ್ಲಿಂದ ಸುಮಾರು 280 ಕಿ.ಮೀ. ಪಶ್ಚಿಮಕ್ಕೆ ಇವಾಟೆ ಜ್ವಾಲಾಮುಖಿ. ನಡುವಿನ ನೆಲವನ್ನು ಸೀಳಿ ಪಕ್ಕದಿಂದ ನೋಡಿದ ಹಾಗೆ, ಪ್ರತಿ ಕಂಪನವನ್ನೂ ಅದರ ಆಳದಲ್ಲಿ ಚುಕ್ಕೆಯಾಗಿ ಇಡಬೇಕು.

ಚಿತ್ರದಲ್ಲಿ ಎರಡು ಅಡ್ಡಗೆರೆ ಎದ್ದು ಕಂಡವು. ಒಂದು 10 ಕಿ.ಮೀ. ಆಳದಲ್ಲಿ, ಇನ್ನೊಂದು 33ರಲ್ಲಿ. ಏನೋ ಹೊಸದು ಸಿಕ್ಕಿತು ಅಂತ ಖುಷಿಯಾಯಿತು. ನಮ್ಮ ಸೀನಿಯರ್ ಮೇಡಂ ನಕ್ಕರು. "ಆಳ ಸರಿಯಾಗಿ ಸಿಗದಿದ್ದರೆ ದಾಖಲಿಸುವವರು ಒಂದು ಅಂದಾಜು ಸಂಖ್ಯೆ ಹಾಕಿಬಿಡ್ತಾರೆ. ಹಳೆಯದರಲ್ಲಿ 33, ಈಚಿನದರಲ್ಲಿ 10. ಅದು ಭೂಮಿಯ ಗೆರೆಯಲ್ಲ, ಗುಮಾಸ್ತನ ಗೆರೆ." ಆ ಚುಕ್ಕೆ ತೆಗೆದ ಮೇಲೆ ನಿಜವಾದ ಆಕಾರ ಕಂಡಿತು. ಕಂದಕದಿಂದ ಶುರುವಾಗಿ ಪಶ್ಚಿಮಕ್ಕೆ ಇಳಿಯುವ ಜಾರುಹಲಗೆ. ಮೊದಲು ಮೆಲ್ಲನೆ, ಆಮೇಲೆ ಸುಮಾರು 30 ಡಿಗ್ರಿ ಇಳಿಜಾರು. ಇವಾಟೆಯ ಕೆಳಗೆ ಹೋಗುವಷ್ಟರಲ್ಲಿ ಆಳ 100 ಕಿ.ಮೀ. ಆಸುಪಾಸು. ಇದೇ ಪೆಸಿಫಿಕ್ ಫಲಕ, ಸಾಗರದ ತಳವಾಗಿರುವ ದೊಡ್ಡ ಕಲ್ಲಿನ ಹಲಗೆ. ಹಳೆಯದು, ತಣ್ಣಗಾಗಿ ಭಾರವಾದದ್ದು, ಆದ್ದರಿಂದಲೇ ಬಾಗಿ ಮುಳುಗುತ್ತದೆ. ಬಾಗುವ ಜಾಗವೇ ಕಂದಕ. ಅಲ್ಲಿ ಸಮುದ್ರದ ಆಳ 7ರಿಂದ 8 ಕಿ.ಮೀ.

ಆಮೇಲೆ ನಾನು ಫಲಕದಿಂದ ಜ್ವಾಲಾಮುಖಿಗೆ ಒಂದು ಕೆಂಪು ಬಾಣ ಎಳೆದೆ. ಫಲಕ ಕರಗಿ ಮೇಲೆ ಬರುತ್ತದೆ ಅಂತ. ಮೇಡಂ ಲೆಕ್ಕ ಹಾಕಿಸಿದರು. ಫಲಕ ವರ್ಷಕ್ಕೆ ಸುಮಾರು 8.5 ಸೆಂ.ಮೀ. ಜಾರುತ್ತದೆ. ಇಳಿಜಾರಿನ ಉದ್ದ ಸುಮಾರು 300 ಕಿ.ಮೀ. ಅಂದರೆ ಇವಾಟೆಯ ಕೆಳಗೆ ಮುಟ್ಟಲು ಸುಮಾರು 35 ಲಕ್ಷ ವರ್ಷ. ನಮಗೆ ದೊಡ್ಡ ಕಾಲ, ಅಷ್ಟು ದಪ್ಪದ ಕಲ್ಲಿಗೆ ಅಲ್ಲ. ಒಳಗೆ ಅದು ಇನ್ನೂ ತಣ್ಣಗೇ ಇರುತ್ತದೆ.

ಹಾಗಾದರೆ ಕರಗುವುದು ಏನು? ಫಲಕದ ಮೇಲಿರುವ ಬಿಸಿ ಕಲ್ಲು. ಫಲಕ ಸಮುದ್ರದ ತಳದಲ್ಲಿದ್ದಾಗ ಅದರ ಖನಿಜಗಳೊಳಗೆ ನೀರು ಸೇರಿಕೊಂಡಿರುತ್ತದೆ. ಆಳಕ್ಕೆ ಹೋದಂತೆ ಒತ್ತಡ, ಬಿಸಿ ಜಾಸ್ತಿಯಾಗಿ ಖನಿಜ ಒಡೆದು ನೀರು ಮೇಲಕ್ಕೆ ಏರುತ್ತದೆ. ಐಸ್ ಮೇಲೆ ಉಪ್ಪು ಉದುರಿಸಿದರೆ ಸೊನ್ನೆಗಿಂತ ತಣ್ಣಗಿದ್ದರೂ ಕರಗುತ್ತದೆ, ಅಲ್ವಾ? ಹಾಗೇ ನೀರು ಸೇರಿದ ಕಲ್ಲು ನೂರಾರು ಡಿಗ್ರಿ ಕಡಿಮೆ ಬಿಸಿಯಲ್ಲೇ ಕರಗಲು ಶುರುವಾಗುತ್ತದೆ. ಜ್ವಾಲಾಮುಖಿಗಳು ಕಂದಕದ ಪಕ್ಕದಲ್ಲೇ ಇರದೆ, ದೂರದಲ್ಲಿ ಅದಕ್ಕೆ ಸಮಾನಾಂತರವಾಗಿ ಸಾಲುಗಟ್ಟುವುದು ಇದಕ್ಕೇ. ಕಂದಕದ ಹತ್ತಿರ ಮೇಲಿನ ಕಲ್ಲೇ ಸಾಕಷ್ಟು ಬಿಸಿಯಿಲ್ಲ.

ಫಲಕದಿಂದ ಮೇಲಿನ ಕಲ್ಲಿನವರೆಗೆ ನೀಲಿ ಬಾಣ, ಅಲ್ಲಿಂದ ಮುಂದೆ ಕೆಂಪು ಹಾಕಿ ಕೊಟ್ಟೆ.

ಮುಂದಿನ ಕೆಲಸ ಅಂಡಮಾನ್. 10, 33ರ ಚುಕ್ಕೆಗಳನ್ನು ಮೊದಲೇ ಬೇರೆ ಮಾಡಿದೆ. ಇಲ್ಲಿ ಇಳಿಯುವುದು ನಮ್ಮ ಭಾರತದ ಫಲಕ, ಮೇಲೆ ಬ್ಯಾರನ್ ದ್ವೀಪದ ಜ್ವಾಲಾಮುಖಿ. ಆದರೆ ಸಮುದ್ರತಳದ ನಕ್ಷೆಯಲ್ಲಿ ಜಪಾನಿನಂಥ ಆಳದ ಕಂದಕ ಕಾಣಲಿಲ್ಲ. ಈ ಸಲ ಕಾರಣ ಕೇಳಲು ಹೋಗಲಿಲ್ಲ. ಗಂಗೆ, ಬ್ರಹ್ಮಪುತ್ರ ತಂದು ಸುರಿದ ಹೂಳು ಅಲ್ಲಿ ತುಂಬಿಕೊಂಡಿದೆ.