ಬೀದರ್‌ನಿಂದ ಬಿದರಿ ತರುವುದಾದರೆ

ಬೀದರ್ ಕೋಟೆ ನೋಡಲು ಹೋಗುವವರು ಬಿದರಿ ಖರೀದಿಯನ್ನು ಕೊನೆಯ ಅರ್ಧ ಗಂಟೆಗೆ ಇಟ್ಟುಕೊಳ್ಳಬೇಡಿ. ಮೊದಲು ಯಾವುದಾದರೂ ಕಾರ್ಖಾನೆಗೆ ಹೋಗಿ ಕೆಲಸ ನೋಡಿ, ಆಮೇಲೆ ಅಂಗಡಿಗೆ ಹೋಗಿ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದ ಪಾತ್ರೆಯ ಮೇಲೆ ಚಿತ್ತಾರ ಕೊರೆದು, ಆ ಗೆರೆಗಳೊಳಗೆ ಬೆಳ್ಳಿ ತಂತಿಯನ್ನು ಸುತ್ತಿಗೆಯಿಂದ ಬಡಿದು ಕೂರಿಸುತ್ತಾರೆ. ಕೊನೆಗೆ ಕೋಟೆಯ ಹಳೆಯ ಮಣ್ಣು, ನವಸಾಗರ ಹಾಕಿದ ಬಿಸಿ ನೀರಿನಲ್ಲಿ ಅದ್ದಿದಾಗ ಸತುವಿನ ಭಾಗ ಕಪ್ಪಾಗುತ್ತದೆ, ಬೆಳ್ಳಿ ಹಾಗೆಯೇ ಉಳಿಯುತ್ತದೆ.

ಅಸಲಿ-ನಕಲಿ ಗುರುತಿಸುವ ದಾರಿಯೂ ಇದರಲ್ಲೇ ಇದೆ. ಅಸಲಿ ಕಪ್ಪು ಬಣ್ಣವಲ್ಲ, ಲೋಹವೇ ಕಪ್ಪಾಗಿರುವುದು. ಅಂಗಡಿಯವರ ಒಪ್ಪಿಗೆ ಪಡೆದು, ನೇಲ್ ಪಾಲಿಶ್ ರಿಮೂವರ್ ಹಚ್ಚಿದ ಹತ್ತಿಯಿಂದ ತಳದ ಮೂಲೆಯನ್ನು ಒರೆಸಿ. ಹೊಳಪಿಗೆ ಸವರಿದ ಎಣ್ಣೆಯ ಕಾರಣ ಮೊದಲ ಸಲ ಹತ್ತಿಗೆ ತುಸು ಮಸಿ ಹತ್ತಬಹುದು. ಮತ್ತೆ ಒರೆಸಿದಾಗಲೂ ಬಣ್ಣ ಬಿಡುತ್ತಲೇ ಇದ್ದು, ಕೆಳಗೆ ಬಿಳಿ ಲೋಹ ಕಂಡರೆ ಅದು ಬಳಿದ ಪೇಂಟ್. ಕೈಯಲ್ಲಿ ಎತ್ತಿಯೂ ನೋಡಿ, ಸತುವು ಅಲ್ಯೂಮಿನಿಯಂಗಿಂತ ಎರಡೂವರೆ ಪಟ್ಟು ಭಾರ. ಬೆಲೆ ಕೇಳುವಾಗ ಬೆಳ್ಳಿ ಎಷ್ಟು ಗ್ರಾಂ ಬಿದ್ದಿದೆ ಎಂದೂ ಕೇಳಿ, ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಸಣ್ಣ ಪೆಟ್ಟಿಗೆಯ ಮೇಲೆ ಒತ್ತಾದ ತಂತಿ ಕೆಲಸವಿದ್ದರೆ, ಬರೀ ಅಂಚಿಗೆ ಬಳ್ಳಿ ಇರುವ ದೊಡ್ಡ ಹೂದಾನಿಗಿಂತ ಅದೇ ಒಳ್ಳೆಯ ಖರೀದಿ ಅನ್ನುವುದು ನನ್ನ ಲೆಕ್ಕ. ತರುವುದೂ ಸುಲಭ.

ಲೋಹ ಅಲ್ಲವೇ, ಏನಾಗುತ್ತೆ ಅಂದುಕೊಳ್ಳಬೇಡಿ. ಸತುವಿನ ಎರಕ ಬಾಗುವುದಿಲ್ಲ, ಬಿದ್ದರೆ ಸೀಳುತ್ತದೆ. ಹೂದಾನಿ, ಸುರಾಹಿಗಳಲ್ಲಿ ಮೊದಲು ಹೋಗುವುದು ಕತ್ತು. ಕತ್ತಿನ ಸುತ್ತ ಮೆತ್ತನೆ ಬಟ್ಟೆ ಸುತ್ತಿ ಹೊಟ್ಟೆಯಷ್ಟೇ ದಪ್ಪ ಮಾಡಿ, ಆಮೇಲೆ ಇಡೀ ಪಾತ್ರೆಗೆ ಬಬಲ್ ಶೀಟ್ ಸುತ್ತಿಸಿ. ಡಬ್ಬಿಯೊಳಗೆ ಎಲ್ಲ ಕಡೆಯೂ ಐದು ಸೆಂಟಿಮೀಟರ್ ಮೆತ್ತೆ ಇರಲಿ. ಮುಚ್ಚಿ ಅಲ್ಲಾಡಿಸಿದಾಗ ಒಳಗೆ ಏನೂ ಸರಿದಾಡಬಾರದು.

ಡಬ್ಬಿ ಎಷ್ಟು ದೊಡ್ಡದು ಎನ್ನುವುದನ್ನೂ ನೀವೇ ನೋಡಿಕೊಳ್ಳಿ. ಖಾಸಗಿ ಕೊರಿಯರ್‌ನವರು ಸಾಮಾನ್ಯವಾಗಿ ಸೆಂಟಿಮೀಟರ್ ಲೆಕ್ಕದ ಉದ್ದ, ಅಗಲ, ಎತ್ತರ ಗುಣಿಸಿ 5000ದಿಂದ ಭಾಗಿಸುತ್ತಾರೆ. ಬಂದ ಅಂಕಿ ನಿಜವಾದ ತೂಕಕ್ಕಿಂತ ಹೆಚ್ಚಿದ್ದರೆ ಅದಕ್ಕೇ ಹಣ. ಸುತ್ತಿದ ಮೇಲೆ 20 ಸೆಂ.ಮೀ. ಎತ್ತರ, 12 ಸೆಂ.ಮೀ. ದಪ್ಪವಿರುವ ಹೂದಾನಿಗೆ 30×22×22 ಡಬ್ಬಿ ಸಾಕು, ಲೆಕ್ಕಕ್ಕೆ ಮೂರು ಕಿಲೋ ಒಳಗೇ ಬರುತ್ತದೆ. ಕೈಗೆ ಸಿಕ್ಕಿತು ಅಂತ 45×40×40 ಡಬ್ಬಿಗೆ ಹಾಕಿದರೆ 14.4 ಕಿಲೋಗೆ ದುಡ್ಡು ತೆರಬೇಕು! ಬುಕ್ ಮಾಡುವಾಗ ಬಿಲ್ಲಿನ ಮೊತ್ತಕ್ಕೆ ವಿಮೆ ಮಾಡಿಸಿ, ಪ್ಯಾಕಿಂಗ್‌ನ ಫೋಟೊ ತೆಗೆದಿಟ್ಟುಕೊಳ್ಳಿ.

ಮನೆಗೆ ಬಂದ ಮೇಲೆ ಹುಣಸೆಹಣ್ಣಿನಲ್ಲೋ ಪೀತಾಂಬರಿಯಲ್ಲೋ ತಿಕ್ಕಬೇಡಿ, ಕಪ್ಪೇ ಹೋಗಿಬಿಡುತ್ತದೆ. ಒಣ ಬಟ್ಟೆಯಲ್ಲಿ ಒರೆಸಿ, ಮಂಕಾದರೆ ಒಂದು ಹನಿ ಕೊಬ್ಬರಿ ಎಣ್ಣೆ ಸವರಿ.