ಡಾಕ್ಟರು ಕೇಳಿದ ಮೊದಲ ಪ್ರಶ್ನೆ

ಮಂಗಳವಾರ, 19 ನವೆಂಬರ್ 2024, ಮೈಸೂರು
ರಾತ್ರಿ ಹತ್ತೂವರೆ

ಶುಗರ್ ಎಷ್ಟು, ಬಿ.ಪಿ. ಎಷ್ಟು ಅಂತ ಶುರುಮಾಡುತ್ತಾರೆ ಅಂದುಕೊಂಡು ಫೈಲನ್ನು ತೊಡೆಯ ಮೇಲೆ ಬಿಚ್ಚಿಟ್ಟುಕೊಂಡೇ ಕೂತಿದ್ದೆ. ಡಾಕ್ಟರು ಫೈಲಿನ ಕಡೆ ನೋಡಲೂ ಇಲ್ಲ.

"ಬೆಳಗ್ಗೆ ಎಚ್ಚರ ಆಗುವಾಗ ನಿಮಿರಿರುತ್ತಾ?"

ಇದ್ದದ್ದು ಇದ್ದ ಹಾಗೆ ಹೇಳಬೇಕೆಂದು ಮನೆಯಿಂದ ಹೊರಡುವಾಗಲೇ ನಿರ್ಧಾರ ಮಾಡಿದ್ದೆ. ಆದರೂ ಗಂಟಲು ಒಣಗಿತು. ವಾರದಲ್ಲಿ ಎರಡು ಮೂರು ದಿನ ಇರುತ್ತೆ ಸಾರ್ ಅಂದೆ. ಒಬ್ಬರೇ ಇದ್ದಾಗ? ಆಗುತ್ತೆ. ಪೂರ್ತಿ ಗಟ್ಟಿಯಾಗಿ? ಮೊದಲಿನಷ್ಟಿಲ್ಲ, ಆದರೂ ಆಗುತ್ತೆ. ಅವರು ಪೆನ್ನು ಕೆಳಗಿಟ್ಟು ಕುರ್ಚಿಗೆ ಒರಗಿದರು. "ಹಾಗಾದ್ರೆ ಯಂತ್ರ ಕೆಟ್ಟಿಲ್ಲ. ಶನಿವಾರ ಏನಾಯ್ತು ಹೇಳಿ."

ಶನಿವಾರದ್ದನ್ನು ಇಲ್ಲಿ ಬರೆಯಬೇಕೋ ಬೇಡವೋ ಅಂತ ಮೂರು ದಿನದಿಂದ ಯೋಚಿಸುತ್ತಿದ್ದೇನೆ. ಸರೋಜಾ ಹೋದಾಗ ಇಲ್ಲೇ ಬರೆದೆ. ಲಲಿತಾ ಸಿಕ್ಕಾಗಲೂ ಇಲ್ಲೇ ಬರೆದೆ. ಇದನ್ನು ಮಾತ್ರ ಬಚ್ಚಿಟ್ಟರೆ ಅವೆರಡೂ ಸುಳ್ಳಾಗುತ್ತವೆ. ಬರೆಯಲೇ ಅಂತ ಲಲಿತಾರನ್ನು ಕೇಳಿದೆ, ಬರೆಯಿರಿ ಅಂದರು.

ಸರಸ್ವತಿಪುರಂನ ಅವರ ಮನೆ. ದೀಪಾವಳಿ ವಾರದಲ್ಲಿ ಒಮ್ಮೆ ಹೀಗೇ ಆಗಿತ್ತು, ಇದು ಎರಡನೇ ಸಲ. ಮುಟ್ಟುವವರೆಗೆ, ಮಾತಾಡುವವರೆಗೆ ಎಲ್ಲ ಸರಿಯಾಗೇ ಇತ್ತು, ಮೈಯೂ ಒಪ್ಪಿತ್ತು. ನಿರೋಧ್ ಪ್ಯಾಕೆಟ್ ಕೈಗೆತ್ತಿಕೊಂಡೆ. ಕನ್ನಡಕ ಹಾಲಿನಲ್ಲಿತ್ತು. ಹರಿಯುವ ಅಂಚು ಬೆರಳಿಗೆ ಸಿಗಲಿಲ್ಲ. ಸಿಕ್ಕ ಮೇಲೆ ಯಾವ ಕಡೆ ಸುರುಳಿ ಬಿಚ್ಚಿಕೊಳ್ಳುತ್ತೆ ಅಂತ ತಿಳಿಯಲಿಲ್ಲ. ಒಂದು ನಿಮಿಷ ಆಗಿತ್ತೇನೋ. ಅಷ್ಟರಲ್ಲಿ ಎಲ್ಲ ಇಳಿದುಹೋಗಿತ್ತು. "ಸಾರಿ" ಅಂದು ಗೋಡೆ ಕಡೆ ತಿರುಗಿ ಮಲಗಿದೆ. ಸ್ವಲ್ಪ ಹೊತ್ತು ಬಿಟ್ಟು ಅವರು, "ಇರಲಿ ಬಿಡಿ ಮೇಷ್ಟ್ರೇ, ಕಾಫಿ ಮಾಡ್ತೀನಿ" ಅಂತ ಎದ್ದುಹೋದರು.

ಅಲ್ಲಿ ಮಲಗಿದ್ದಾಗ ತಲೆಗೆ ಬಂದದ್ದು ಒಂದೇ. ನಾನು ಮಲಗಿದ್ದು ಮಂಚದ ಎಡಗಡೆ. ಮೂವತ್ತೆರಡು ವರ್ಷ ಎಡಗಡೆ ಮಲಗುತ್ತಿದ್ದವಳು ಸರೋಜಾ.

ಇದನ್ನೂ ಡಾಕ್ಟರಿಗೆ ಹೇಳಿದೆ. ಅವರಿಗೆ ಆಶ್ಚರ್ಯವೇ ಆಗಲಿಲ್ಲ. ಹೆಂಡತಿಯನ್ನು ಕಳೆದುಕೊಂಡ ಗಂಡಸರಲ್ಲಿ ಇದು ಎಷ್ಟು ಸಾಮಾನ್ಯ ಅಂದರೆ ವೈದ್ಯರು ಅದಕ್ಕೆ 'ವಿಡೋವರ್ಸ್ ಸಿಂಡ್ರೋಮ್' ಅಂತ ಹೆಸರೇ ಇಟ್ಟಿದ್ದಾರಂತೆ. ಕಾಯಿಲೆಯವರ ಪಕ್ಕ ಕೂತು ಕಳೆದ ವರ್ಷಗಳು, ಆಮೇಲೆ ಒಂಟಿಯಾಗಿದ್ದ ವರ್ಷಗಳು, ಅದರ ಮೇಲೆ ತಪ್ಪು ಮಾಡುತ್ತಿದ್ದೇನೆ ಅನ್ನುವ ಅಳುಕು. ನನ್ನ ಲೆಕ್ಕದಲ್ಲಿ ಒಟ್ಟು ಏಳು ವರ್ಷ.

ಆಮೇಲೆ ಅವರು ಹೇಳಿದ್ದು ಕೇಳಿ ನನಗೇ ವಿಚಿತ್ರ ಅನಿಸಿತು. ಮೂವತ್ತೊಂದು ವರ್ಷ ಹತ್ತನೇ ತರಗತಿಗೆ ಹೃದಯ, ರಕ್ತನಾಳ, ಅಡ್ರಿನಲಿನ್ ಎಲ್ಲ ಬೋರ್ಡಿನ ಮೇಲೆ ಬರೆದು ಪಾಠ ಮಾಡಿದವನು ನಾನು. ನಿಮಿರಬೇಕಾದರೆ ಶಿಶ್ನದೊಳಗಿನ ರಕ್ತನಾಳಗಳ ಸ್ನಾಯು ಸಡಿಲ ಆಗಬೇಕು, ಆಗ ರಕ್ತ ಒಳಗೆ ತುಂಬಿಕೊಳ್ಳುತ್ತೆ. ಹೆದರಿಕೆಯಾದಾಗ ಹರಿಯುವ ಅಡ್ರಿನಲಿನ್ ಅದೇ ಸ್ನಾಯುವನ್ನು ಬಿಗಿ ಮಾಡುತ್ತೆ. ನಿದ್ದೆಯಲ್ಲಿ, ಕನಸು ಬೀಳುವ ಹೊತ್ತಿನಲ್ಲಿ, ಯಾವ ಹೆದರಿಕೆಯೂ ಇಲ್ಲದೆ ರಾತ್ರಿ ಮೂರು ನಾಲ್ಕು ಸಲ ತಾನಾಗೇ ನಿಮಿರುತ್ತೆ. ಬೆಳಗ್ಗೆ ಕಾಣುವುದು ಅದರಲ್ಲಿ ಕೊನೆಯದು. ಅದು ಇದೆ ಅಂದರೆ ನರ, ನಾಳ ಎರಡೂ ಸುಮಾರಾಗಿ ಕೆಲಸ ಮಾಡುತ್ತಿವೆ ಅಂತ ಅರ್ಥ. "ಮೊದಲನೇ ಸಲ ಆಗಲಿಲ್ಲ. ಎರಡನೇ ಸಲ, ಆಗುತ್ತೋ ಇಲ್ಲವೋ ಅಂತ ನೀವೇ ಪಕ್ಕದಲ್ಲಿ ನಿಂತು ಪರೀಕ್ಷೆ ಮಾಡ್ತಾ ಇದ್ರಿ. ಪರೀಕ್ಷೆ ಮಾಡೋ ಕಡೆ ಅದು ಬರಲ್ಲ."

ಮನಸ್ಸಿನದು ಅಂತ ಕೈತೊಳೆದುಕೊಂಡು ಕಳಿಸಲಿಲ್ಲ ಅನ್ನುವುದು ನನಗೆ ಸಮಾಧಾನ. ಅರವತ್ಮೂರು ವಯಸ್ಸು, ಹತ್ತು ವರ್ಷದ ಶುಗರ್, ಕಳೆದ ತಿಂಗಳು ಮಾಡಿಸಿದ ರಕ್ತಪರೀಕ್ಷೆಯಲ್ಲಿ ಶುಗರಿನ ಮೂರು ತಿಂಗಳ ಸರಾಸರಿ 7.4. ಶಿಶ್ನದ ರಕ್ತನಾಳ ಒಂದೆರಡು ಮಿಲಿಮೀಟರ್ ಅಗಲ, ಹೃದಯದ್ದು ಮೂರು ನಾಲ್ಕು. ಒಳಗೆ ಕೊಬ್ಬು ಕಟ್ಟಲು ಶುರುವಾದರೆ ಸಣ್ಣ ನಾಳದಲ್ಲಿ ಮೊದಲು ಗೊತ್ತಾಗುತ್ತೆ, ಎದೆನೋವು ಬರುವುದಕ್ಕೆ ಕೆಲವು ವರ್ಷ ಮುಂಚೆಯೇ. "ಮೊದಲಿನಷ್ಟು ಗಟ್ಟಿ ಇಲ್ಲ ಅಂದ್ರಲ್ಲ, ಆ ಮಾತಿಗೆ ಇದು" ಅನ್ನುತ್ತಾ ಕೊಲೆಸ್ಟ್ರಾಲ್, ಇ.ಸಿ.ಜಿ., ಟೆಸ್ಟೋಸ್ಟಿರಾನ್ ಬರೆದುಕೊಟ್ಟರು. ಕೊನೆಯದಕ್ಕೆ ಬೆಳಗ್ಗೆಯೇ ರಕ್ತ ಕೊಡಬೇಕು, ಮಧ್ಯಾಹ್ನಕ್ಕೆ ಅದು ಇಳಿಯುತ್ತದಂತೆ. ನಾಳೆ ಎಂಟಕ್ಕೆ ಲ್ಯಾಬಿಗೆ ಹೋಗಬೇಕು. ಬಿ.ಪಿ.ಗೆ ನುಂಗುವ ಅಟೆನೊಲಾಲ್ ಕೂಡ ಕೆಲವರಲ್ಲಿ ಹೀಗೆ ಮಾಡುತ್ತಂತೆ. ನೀವಾಗಿ ನಿಲ್ಲಿಸಬೇಡಿ, ಕೊಟ್ಟ ಡಾಕ್ಟರನ್ನು ಕೇಳಿ ಬದಲಿಸಿಕೊಳ್ಳಿ ಅಂತ ಎರಡು ಸಲ ಹೇಳಿದರು.

ಪ್ಯಾಕೆಟ್ ಇದೆಯಾ ಅಂದರು. ಫೈಲಿನ ಒಳಗೇ ಇತ್ತು. ತಿರುಗಿಸಿ ಸಣ್ಣಕ್ಷರ ಓದಿ ನನ್ನ ಮುಂದೆ ಹಿಡಿದರು. ಹೆಚ್ಚು ಹೊತ್ತು ಬರುತ್ತೆ ಅಂತ ಬರೆದಿರುವ ಜಾತಿ. ಅಂಗಡಿಯಲ್ಲಿ ಇನ್ನೊಬ್ಬ ಗಿರಾಕಿ ಬಂದನೆಂದು ಅವಸರದಲ್ಲಿ ಮೊದಲು ಕೈಗೆ ಸಿಕ್ಕಿದ್ದನ್ನು ತಂದಿದ್ದೆ. ಅದರ ಒಳಗೆ ಬೆಂಜೊಕೇನ್ ಸವರಿರುತ್ತಾರಂತೆ. ಚರ್ಮ ಮರಗಟ್ಟಿಸುವ ಔಷಧಿ ಅದು, ಬೇಗ ಸ್ಖಲನ ಆಗುವವರಿಗೆ. ನಿಲ್ಲಲಿ ಅಂತ ಒದ್ದಾಡುತ್ತಿರುವವನು ಸ್ಪರ್ಶವೇ ತಿಳಿಯದ ಹಾಗೆ ಮಾಡಿಕೊಂಡರೆ ಹೇಗೆ ನಿಂತೀತು? ಸಾದಾ ನಿರೋಧ್ ತನ್ನಿ ಅಂದರು. ಬೆಳಗ್ಗೆ ತಾನಾಗಿ ನಿಮಿರಿದ ದಿನ ಒಬ್ಬರೇ ಹಾಕಿಕೊಂಡು ಅಭ್ಯಾಸ ಮಾಡಿ, ನಾಲ್ಕೈದು ಹಾಳಾದರೂ ಪರವಾಗಿಲ್ಲ. ತುದಿ ಚಿವುಟಿ ಗಾಳಿ ತೆಗೆದು ಬುಡದವರೆಗೆ ಬಿಚ್ಚಬೇಕು. ತಿರುಗುಮುರುಗು ಇಟ್ಟಿದ್ದು ಗೊತ್ತಾದರೆ ಅದನ್ನೇ ಮಗುಚಿ ಹಾಕಬೇಡಿ, ಹೊಸದು ತೆಗೆಯಿರಿ, ಅದಕ್ಕೇ ಎರಡು ಪ್ಯಾಕೆಟ್ ಕೈಯಳತೆಯಲ್ಲಿರಲಿ. ಮುಗಿದ ಮೇಲೆ ಮೆತ್ತಗಾಗುವ ಮುಂಚೆ ಬುಡ ಹಿಡಿದುಕೊಂಡೇ ಹೊರಗೆ ಬನ್ನಿ. "ಅವರ ಕೈಗೇ ಕೊಡಿ, ಹಾಕಲಿ. ಆಗ ಮಧ್ಯೆ ನಿಲ್ಲಿಸಿದ ಹಾಗಾಗಲ್ಲ."

ಕೊಬ್ಬರಿ ಎಣ್ಣೆಯ ವಿಷಯ ನಾನೇ ಕೇಳಿದೆ. ಲಲಿತಾ ಮಂಚದ ಪಕ್ಕ ಸಣ್ಣ ಬಟ್ಟಲಲ್ಲಿ ತಂದಿಟ್ಟಿದ್ದರು. ಮುಟ್ಟು ನಿಂತ ಮೇಲೆ ಒಳಗೆ ಒಣಗಿರುತ್ತೆ, ನೋಯುತ್ತೆ, ಅವರಿಗೆ ತಿಳಿದ ಉಪಾಯ ಅದು. ಡಾಕ್ಟರು ಜೋರಾಗಿ ತಲೆಯಾಡಿಸಿದರು. ಯಾವ ಎಣ್ಣೆ, ವ್ಯಾಸಲೀನ್ ಆದರೂ ಸರಿ, ನಿರೋಧಿನ ರಬ್ಬರನ್ನು ಕೆಲವೇ ನಿಮಿಷದಲ್ಲಿ ಸಡಿಲ ಮಾಡಿಬಿಡುತ್ತೆ, ಹರಿಯುತ್ತೆ. ಮೆಡಿಕಲ್ ಶಾಪಿನಲ್ಲಿ ನೀರು ಆಧಾರದ ಜೆಲ್ ಸಿಗುತ್ತೆ, ಅದು ಧಾರಾಳವಾಗಿ ಹಚ್ಚಿ ಅಂದರು.

ಕೊನೆಗೆ ಮಾತ್ರೆ. ಸಿಲ್ಡೆನಾಫಿಲ್ 50. ಒಂದು ಗಂಟೆ ಮುಂಚೆ, ಹೊಟ್ಟೆ ತುಂಬ ಊಟ ಮಾಡದೆ, ಎಣ್ಣೆ ತುಪ್ಪದ ಊಟವಾದರಂತೂ ಕೆಲಸ ಶುರುವಾಗುವುದು ತಡ. ಮಾತ್ರೆ ಆಸೆ ಹುಟ್ಟಿಸುವುದಿಲ್ಲ, ಆಸೆ ಇದ್ದರೆ ರಕ್ತಕ್ಕೆ ದಾರಿ ಬಿಡುತ್ತೆ ಅಷ್ಟೆ. ಒಂದು ಸಲ ಆಗಲಿಲ್ಲ ಅಂತ ಬಿಡಬೇಡಿ, ಬೇರೆ ಬೇರೆ ದಿನ ಆರೇಳು ಸಲ ನೋಡಿದ ಮೇಲೆ ಹೇಳಿ. ನಾಲ್ಕು ಗಂಟೆ ಮೀರಿ ಇಳಿಯದಿದ್ದರೆ ನೇರ ಆಸ್ಪತ್ರೆಗೆ. ಚೀಟಿ ಬರೆಯುವ ಮುಂಚೆ, ಬರೆದ ಮೇಲೆ, ಬಾಗಿಲ ಹತ್ತಿರ, ಹೀಗೆ ಮೂರು ಸಲ ಒಂದೇ ಪ್ರಶ್ನೆ. "ಎದೆನೋವಿಗೆ ನಾಲಿಗೆ ಅಡಿ ಇಡೋ ಮಾತ್ರೆ ಏನಾದ್ರೂ ಇದೆಯಾ? ಸಾರ್ಬಿಟ್ರೇಟ್?" ಇಲ್ಲ ಅಂದೆ. ಎರಡೂ ಕೂಡಿದರೆ ಬಿ.ಪಿ. ಒಮ್ಮೆಲೇ ಪಾತಾಳಕ್ಕಿಳಿಯುತ್ತೆ, ಪ್ರಾಣಕ್ಕೇ ಅಪಾಯ ಅಂದರು.

ಸಂಜೆ ಏಳಕ್ಕೆ ಲಲಿತಾಗೆ ಫೋನ್ ಮಾಡಿದೆ. ಕಾರ್ತಿಕದ ದೀಪ ಹಚ್ಚಿ ಬಂದು ಕೂತಿದ್ದರು. ಎಲ್ಲ ಹೇಳಿ ಮುಗಿಸಿದೆ. ಆ ಕಡೆ ಮಾತಿಲ್ಲ. ಲೈನ್ ಕಟ್ಟಾಯಿತೇನೋ ಅಂದುಕೊಂಡೆ.

"ನನ್ನ ಮೈ ನೋಡಿ ಹಾಗಾಯ್ತು ಅಂದ್ಕೊಂಡಿದ್ದೆ ಮೇಷ್ಟ್ರೇ."

ಇಲ್ಲ, ಇಲ್ಲ ಅಂದೆ. ಎಷ್ಟು ಸಲ ಅಂದೆನೋ.

"ಅದು ಆಗದಿದ್ರೆ ನಂಗೇನೂ ಬೇಜಾರಿಲ್ಲ. ನೀವು ಗೋಡೆ ಕಡೆ ತಿರುಗಿದ್ರಲ್ಲ. ಅವರೂ ಹಾಗೇ ತಿರುಗ್ತಿದ್ರು. ಹದಿನೆಂಟು ವರ್ಷ ಆ ಬೆನ್ನು ನೋಡಿದೀನಿ."

ನನ್ನ ಅವಮಾನ ನನ್ನೊಬ್ಬನದೇ ಅಂದುಕೊಂಡು ಮೂರು ದಿನ ಹೊತ್ತು ತಿರುಗಿದ್ದೆ. ಆ ಮೂರು ದಿನ ಅವರು ಕನ್ನಡಿ ಮುಂದೆ ನಿಂತಿದ್ದರು ಅನ್ನುವುದು ಹೊಳೆದೇ ಇರಲಿಲ್ಲ.

ನಿರೋಧ್ ಬೇಕೇಬೇಕು ಅಂದವರು ಅವರೇ. ಮಕ್ಕಳಾಗುವ ವಯಸ್ಸು ದಾಟಿದೆ, ಇನ್ನು ಯಾಕೆ ಅಂತ ಮೊದಲು ನಾನು ಅಂದಿದ್ದೆ, ಅದಕ್ಕೆ ಈಗ ನಾಚಿಕೆಯಾಗುತ್ತೆ. ಮಾಜಿ ಗಂಡನಿಗೆ ಬೇರೆ ಕಡೆ ಸಂಬಂಧಗಳಿದ್ದವು. 2016ರಲ್ಲಿ ಡೈವೋರ್ಸ್ ಆದ ಮೇಲೆ ಲಲಿತಾ ಒಂದು ಪರೀಕ್ಷೆಯನ್ನೂ ಮಾಡಿಸಿಲ್ಲ. ಎಚ್.ಐ.ವಿ., ಸಿಫಿಲಿಸ್, ಹೆಪಟೈಟಿಸ್ ಬಿ, ಮೂರೂ ಯಾವ ಲಕ್ಷಣವೂ ತೋರದೆ ವರ್ಷಗಟ್ಟಲೆ ಮೈಯಲ್ಲಿ ಕೂತಿರಬಲ್ಲವು. ಮುಟ್ಟು ನಿಂತವರಲ್ಲಿ ಒಳಚರ್ಮ ತೆಳು, ಬೇಗ ತರಚುತ್ತೆ, ಸೋಂಕು ದಾಟುವುದು ಇನ್ನೂ ಸುಲಭ. ಗುರುವಾರ ಇಬ್ಬರೂ ದೊಡ್ಡಾಸ್ಪತ್ರೆಯ ಐ.ಸಿ.ಟಿ.ಸಿ. ಕೇಂದ್ರಕ್ಕೆ ಹೋಗುವುದೆಂದು ಮಾತಾಯಿತು. ಎಚ್.ಐ.ವಿ. ಪರೀಕ್ಷೆ ಅಲ್ಲಿ ಉಚಿತ, ಮೊದಲು ಕೌನ್ಸೆಲರ್ ಕೂರಿಸಿಕೊಂಡು ಮಾತಾಡುತ್ತಾರೆ, ಫಲಿತಾಂಶ ಗುಟ್ಟಾಗಿಡುತ್ತಾರೆ. ಸೋಂಕು ತಗಲಿ ಮೂರು ತಿಂಗಳಾಗದಿದ್ದರೆ ಪರೀಕ್ಷೆಗೆ ಸಿಗದೇ ಇರಬಹುದು. ನಮ್ಮಿಬ್ಬರದೂ ವರ್ಷಗಳ ಹಿಂದಿನ ಮಾತು, ಹಾಗಾಗಿ ಒಂದೇ ಸಲಕ್ಕೆ ತಿಳಿಯುತ್ತೆ. ಅಲ್ಲಿಯವರೆಗೆ ನಿರೋಧ್ ಇಲ್ಲದೆ ಇಲ್ಲ. ಆಮೇಲಿನದು ಇಬ್ಬರೂ ಕೂತು ಮಾತಾಡಿ.

"ಈ ಶನಿವಾರ ಏನೂ ಬೇಡ. ಸುಮ್ನೆ ಬನ್ನಿ, ಹತ್ರ ಮಲಗಿ. ಬಲಗಡೆ ಮಲಗಿ, ನಂಗೆ ಎಡಗಡೆ ಬಿಡಿ" ಅಂದರು. ಎಡಗಡೆಯ ಕತೆ ಇವರಿಗೆ ನಾನು ಹೇಳಿಯೇ ಇರಲಿಲ್ಲ. ಇನ್ನೂ ಹೇಳಿಲ್ಲ.

ಊಟ ಸೇರಲಿಲ್ಲ. ಲಲಿತಾ ಕಾರಣಕ್ಕಲ್ಲ, ವಾಕಿಂಗ್ ಗೆಳೆಯ ಶಂಕರನ ಕಾರಣಕ್ಕೆ. ಭಾನುವಾರ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ನನ್ನ ಮುಖ ನೋಡಿಯೇ ಅರ್ಥ ಮಾಡಿಕೊಂಡು ಜೇಬಿನಿಂದ ನೀಲಿ ಮಾತ್ರೆಯ ಪಟ್ಟಿ ತೆಗೆದು ಕೊಟ್ಟವನು ಅವನು. ಚೀಟಿ ಗೀಟಿ ಏನೂ ಬೇಡ, ಅರ್ಧ ತಗೋ, ನಾನೂ ತಗೋತೀನಿ ಅಂದಿದ್ದ. ಆ ಪಟ್ಟಿ ಈಗ ಮೇಜಿನ ಮೇಲಿದೆ, ನಾನು ಒಂದನ್ನೂ ಮುಟ್ಟಿಲ್ಲ. ಅದರಲ್ಲಿ ಎರಡು ಖಾಲಿ. ಹೋದ ವರ್ಷ ಸ್ಟೆಂಟ್ ಹಾಕಿಸಿಕೊಂಡ ಮೇಲೆ ಅದೇ ಜೇಬಿನಲ್ಲಿ ಇನ್ನೊಂದು ಸಣ್ಣ ಡಬ್ಬಿಯೂ ಇರುತ್ತೆ. ಮೆಟ್ಟಿಲು ಹತ್ತುವಾಗ ಎದೆ ಹಿಡಿದರೆ ನಾಲಿಗೆ ಅಡಿಗೆ ಒಂದು ಇಟ್ಟುಕೊಳ್ಳುವುದನ್ನು ನಾನೇ ನೋಡಿದ್ದೇನೆ.

ಒಂಬತ್ತಕ್ಕೆ ಫೋನ್ ಮಾಡಿದೆ, ಎತ್ತಲಿಲ್ಲ. ಹತ್ತಕ್ಕೆ ಮಾಡಿದೆ, ಸ್ವಿಚ್ ಆಫ್. ಅವನ ಹೆಂಡತಿ ವನಜಾ ಅತ್ತಿಗೆಯ ನಂಬರ್ ಇದೆ. ಈ ಹೊತ್ತಿನಲ್ಲಿ ಅವರಿಗೆ ಮಾಡಿ ಏನಂತ ಹೇಳಲಿ, ಅವನ ಜೇಬಿನಲ್ಲಿರುವ ಎರಡು ಮಾತ್ರೆ ಒಟ್ಟಿಗೆ ಹೋಗಬಾರದು ಅಂದರೆ ಒಂದು ಯಾವುದು ಅಂತ ಕೇಳುತ್ತಾರೆ. ಬೆಳಗ್ಗೆ ವಾಕಿಂಗಿಗೆ ಬಂದಾಗ ಹೇಳೋಣ ಅಂದರೆ ಬೆಳಗ್ಗೆವರೆಗೆ

ಮಾಡಿಬಿಡುತ್ತೇನೆ. ಅತ್ತಿಗೆಗೇ ಮಾಡುತ್ತೇನೆ.