ಮೊದಲು ಪಾತ್ರೆ, ಆಮೇಲೆ ಮಂಚ

ಅಕ್ಕಲಕೋಟೆಯಲ್ಲಿ ನಮ್ಮ ಅಜ್ಜಿ 1993ರ ಕಿಲ್ಲಾರಿ ಭೂಕಂಪವನ್ನು ಹೀಗೆ ಹೇಳ್ತಾರೆ: "ಮೊದಲು ಗೂಡಿನ ಪಾತ್ರೆ ಗಡಗಡ ಅಂದ್ವು. ಆಮೇಲೆ ಮಂಚ ತೊಟ್ಟಿಲಿನಂಗ ತೂಗಿತು ನೋಡವ್ವ."

ಸುಮ್ನೆ ಲೆಕ್ಕ ಹಾಕಿದೆ. ಕಿಲ್ಲಾರಿ ನಮ್ಮಿಂದ ಸುಮಾರು 70 ಕಿ.ಮೀ. ಮೊದಲ ಅಲೆ ಸೆಕೆಂಡಿಗೆ ಸುಮಾರು 6 ಕಿ.ಮೀ. ಓಡುತ್ತದೆ, 12 ಸೆಕೆಂಡಲ್ಲಿ ಪಾತ್ರೆ ತಟ್ಟಿರಬೇಕು. ಮೇಲ್ಮೈ ಅಲೆಗಳದ್ದು ಅದರ ಅರ್ಧ ವೇಗ. ಅವು ಬರೋ ಹೊತ್ತಿಗೆ 23 ಸೆಕೆಂಡ್ ಆಗಿರುತ್ತದೆ.

ನಿಧಾನ ಬರುವುದೇ ಜಾಸ್ತಿ ತೂಗುವುದು, ವಿಚಿತ್ರ ಅಲ್ವಾ? ಆ ಮೊದಲ ಅಲೆ ಭೂಮಿಯ ಒಳಗಿಂದ ಬರುವುದು, ಆಳಕ್ಕೂ ಹರಡಿ ಬೇಗ ಸವೆಯುತ್ತದೆ. ಮೇಲ್ಮೈ ಅಲೆ ನೆಲದ ಮೇಲಿನ ಪದರಕ್ಕೇ ಅಂಟಿಕೊಂಡು ಹೋಗುತ್ತದೆ, ಹಾಗಾಗಿ ಶಕ್ತಿ ಬೇಗ ಕಳೆಯುವುದಿಲ್ಲ. ಮೇಲ್ಮೈ ಅಲೆಯಲ್ಲೂ ಒಂದು ಬಗೆ ನೆಲವನ್ನು ಅಡ್ಡಡ್ಡ ಎಳೆಯುತ್ತದೆ, ಇನ್ನೊಂದು ಸುತ್ತಿಸಿ ಎತ್ತಿ ಇಳಿಸುತ್ತದೆ. ಗೋಡೆಯ ಪಾಯಕ್ಕೆ ಅಡ್ಡ ಎಳೆತವೇ ಕಂಟಕ.

ಕಿಲ್ಲಾರಿಯಲ್ಲೇ ಬಿದ್ದ ಕಲ್ಲು-ಮಣ್ಣಿನ ಮನೆಗಳ ಕತೆ ಬೇರೆ. ಅಷ್ಟು ಹತ್ತಿರದಲ್ಲಿ ಎಲ್ಲ ಅಲೆಗಳೂ ಒಟ್ಟಿಗೇ ಬಡಿಯುತ್ತವೆ. ದೂರದ ಊರಿಗೆ ಮೇಲ್ಮೈ ಅಲೆಯದ್ದೇ ಭಯ. 1985ರಲ್ಲಿ ಮೆಕ್ಸಿಕೋ ನಗರ ಭೂಕಂಪದ ಕೇಂದ್ರದಿಂದ 350 ಕಿ.ಮೀ.ಗೂ ದೂರವಿತ್ತು. ಹಳೇ ಕೆರೆಯ ಮೆತ್ತನೆ ಜೇಡಿ ಎರಡು ಸೆಕೆಂಡಿಗೊಮ್ಮೆ ತೂಗಿತು. ಅದೇ ತಾಳಕ್ಕೆ ತೂಗುವ ಹತ್ತು-ಹದಿನೈದು ಮಹಡಿಯ ಕಟ್ಟಡಗಳು ಬಿದ್ದವು.

ಅಜ್ಜಿಯ ಮಂಚ ಈಗಲೂ ಅದೇ ಮೂಲೆಯಲ್ಲಿದೆ. ಗೂಡಿನ ಪಾತ್ರೆ ಮಾತ್ರ ಕೆಳಗಿಳಿದಿವೆ.